ಸಂದರ್ಶನಕ್ಕೂ ಮೊದಲೇ ಬಂದ ನೇಮಕಾತಿ ಪತ್ರ

ಬಿ.ಕಾಂ. ಮುಗಿಸಿದ ವರ್ಷ ಕೆಲಸದ ಅರ್ಜಿಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ತಾರೀಕು, ಕಂಪನಿ, ಯಾವ ಕೆಲಸ, ಉತ್ತರ ಬಂತೋ ಇಲ್ಲವೋ. ಗೆಳತಿಯೂ ನಾನೂ ಬಣಕಲ್‌ನ ಒಂದೇ ಜೆರಾಕ್ಸ್ ಅಂಗಡಿಯಿಂದ ಒಟ್ಟಿಗೇ ಅರ್ಜಿ ಹಾಕುತ್ತಿದ್ದುದರಿಂದ ಅವಳ ಲೆಕ್ಕವೂ ಅದರಲ್ಲೇ. ಆ ಗುರುವಾರದ ಹೊತ್ತಿಗೆ ನನ್ನವು ಇಪ್ಪತ್ತಮೂರು, ಅವಳವು ಹತ್ತೊಂಬತ್ತು. ಇಬ್ಬರಿಗೂ ಸೇರಿ ಬಂದ ಉತ್ತರ ಎರಡು, ಎರಡೂ ‘ಇಲ್ಲ’.

ಅಂದು ಬೆಳಿಗ್ಗೆ ಅವಳು ಮೊಬೈಲ್ ಹಿಡಿದುಕೊಂಡೇ ಓಡಿ ಬಂದಳು. ದೊಡ್ಡ ಸರಕು ಸಾಗಣೆ ಕಂಪನಿಯ ಹಾಸನ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆಯಂತೆ. ಪತ್ರದಲ್ಲಿ ಲೋಗೊ, ಸೀಲು, ಸಂಬಳ ಎಲ್ಲ ಇತ್ತು. ಸಂಜೆ ಐದರೊಳಗೆ ನೋಂದಣಿ ಶುಲ್ಕ ಎರಡೂವರೆ ಸಾವಿರ ಕಟ್ಟಿದರೆ ಸಂದರ್ಶನದ ದಿನ ತಿಳಿಸುತ್ತಾರೆ. ಮೊದಲ ಸಂಬಳದ ಜೊತೆ ಹಣ ವಾಪಸ್.

“ಸಂದರ್ಶನವೇ ಆಗದೆ ಕೆಲಸ ಹೇಗೆ ಕೊಟ್ರು?” ಎಂದೆ.

“ಹೊಟ್ಟೆಕಿಚ್ಚಾ ಮಾರಾಯ್ತಿ? ಸರ್ಕಾರಿ ಪರೀಕ್ಷೆಗೆ ಫೀಸು ಕಟ್ಟಲಿಲ್ವಾ ನಾವು? ಇದೂ ಹಾಗೇ.”

ಅವಳು ಎಡವಿದ್ದು ಅಲ್ಲೇ. ಪರೀಕ್ಷೆಗೆ ನಾವೇ ಅಧಿಸೂಚನೆ ಓದಿ, ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದ್ದೆವು. ನೋಟ್‌ಬುಕ್ ತೆರೆದು ತೋರಿಸಿದೆ: ಅವಳ ಹತ್ತೊಂಬತ್ತರಲ್ಲಿ ಈ ಕಂಪನಿಯೇ ಇರಲಿಲ್ಲ. ಮೇಲ್ ಬಂದದ್ದು ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ವಿಳಾಸದಿಂದ. ಹಣ ಹೋಗಬೇಕಾದದ್ದು ಯಾರೋ ಒಬ್ಬ ವ್ಯಕ್ತಿಯ ಖಾತೆಗೆ.

ಅವಳು ಒಪ್ಪಲಿಲ್ಲ. ಹಣ ಕೇಳಲು ಅಪ್ಪನ ಹತ್ತಿರ ಹೋದಳು, ನಾನೂ ಹಿಂದೆಯೇ ಹೋದೆ. ಅವರು ಎಸ್ಟೇಟಿನಲ್ಲಿ ಮೇಸ್ತ್ರಿ. ಕಾಫಿ ಕೊಯ್ಲಿಗೆ ಆಳು ಕರೆತರುವುದು ಅವರ ಜವಾಬ್ದಾರಿ.

“ಆಳು ಬರ್ಲಿ ಅಂತ ನಾವೇ ಅಡ್ವಾನ್ಸ್ ಕೊಡ್ತೀವಿ ಮಗ,” ಎಂದರು. “ಬರೋರ ಹತ್ರ ದುಡ್ಡು ಕೇಳಿದ್ರೆ ಒಬ್ರಾದ್ರೂ ಜೀಪು ಹತ್ತುತ್ತಾರಾ?”

“ಆಫೀಸು ಬೇರೆ ಅಪ್ಪ.”

“ಬೇರೇನೇ ಇರ್ಲಿ. ಆ ಆಫೀಸಿಗೇ ಕೇಳು.”

ಪತ್ರದಲ್ಲಿದ್ದ ನಂಬರನ್ನು ಬಿಟ್ಟು, ಕಂಪನಿಯ ವೆಬ್‌ಸೈಟ್ ಹುಡುಕಿ ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. “ಆ ಪತ್ರ ನಮ್ಮದಲ್ಲ ಮೇಡಂ. ಕೆಲಸಕ್ಕೆ ನಾವು ಯಾರ ಹತ್ರವೂ ಹಣ ತಗೊಳ್ಳಲ್ಲ,” ಎಂದಿತು ಆ ಕಡೆಯ ಹೆಣ್ಣುದನಿ.

ನಾಲ್ಕೂವರೆಗೆ ಗೆಳತಿಯ ಮೊಬೈಲ್ ಹೊಡೆದುಕೊಂಡಿತು. ಪತ್ರ ಕಳಿಸಿದವನೇ. ಇನ್ನು ಅರ್ಧ ಗಂಟೆಯಷ್ಟೇ ಉಳಿದಿದೆ, ಸದ್ಯಕ್ಕೆ ಅರ್ಧ ಕಟ್ಟಿದರೂ ಸೀಟು ಹಿಡಿದಿಡುತ್ತೇನೆ ಎಂದ.

“ಪೂರ್ತಿನೇ ತಗೊಳ್ಳಿ ಸರ್,” ಎಂದಳು ಇವಳು, “ನನ್ನ ಮೊದಲ ಸಂಬಳದಲ್ಲಿ ಮುರ್ಕೊಂಡುಬಿಡಿ.”

ಫೋನ್ ಕಟ್ಟಾಯಿತು. ಅವಳ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪತ್ರದ ಫೋಟೊವನ್ನು ನಮ್ಮ ಕ್ಲಾಸಿನ ಗುಂಪಿಗೆ ಹಾಕಿ, ‘ಯಾರೂ ಕಟ್ಟಬೇಡಿ’ ಎಂದು ಬರೆದೆವು. ಹತ್ತು ನಿಮಿಷದಲ್ಲಿ ಕಳಸದ ಸಹಪಾಠಿಯೊಬ್ಬಳಿಂದ ಉತ್ತರ ಬಂತು: ‘ನಾನು ಬೆಳಿಗ್ಗೆಯೇ ಕಟ್ಟಿದೆ.’

ಗೆಳತಿ ತಕ್ಷಣ ಅವಳಿಗೆ ಫೋನ್ ಮಾಡಿದಳು. “ಅಳಬೇಡ, ಆಮೇಲೆ ಅತ್ತರಾಯ್ತು. ಮೊದಲು ಸೈಬರ್ ಸಹಾಯವಾಣಿಗೆ ಹೇಳು, ಆಮೇಲೆ ಬ್ಯಾಂಕಿಗೆ. ದುಡ್ಡು ಕಳಿಸಿದ ಮೆಸೇಜು ಅಳಿಸಿಲ್ಲ ತಾನೆ? ಅದರಲ್ಲೊಂದು ವಹಿವಾಟು ಸಂಖ್ಯೆ ಇರುತ್ತೆ, ಓದು. ನಾನು ಬರ್ಕೊಳ್ತೀನಿ.”