ಆರನೆಯ ತುಂಡು

ನಾನು ಸ್ವಲ್ಪ ಅವಸರದ ಹೆಂಗಸು. ಊಟ, ನಡಿಗೆ, ಪಾಠ, ಎಲ್ಲದರಲ್ಲೂ ಓಟ. ಚನ್ನಗಿರಿಯಿಂದ ವರ್ಗವಾಗಿ ಜಗಳೂರಿನ ಪಿಯು ಕಾಲೇಜಿಗೆ ಗಣಿತ ಹೇಳಲು ಬಂದ ಮೊದಲ ವಾರವೇ ಮಕ್ಕಳು ನನಗೊಂದು ಅಡ್ಡಹೆಸರು ಇಟ್ಟಿದ್ದರು. ಅದು ಒಂದು ಬಸ್ಸಿನ ಹೆಸರು ಎಂಬುದಷ್ಟೇ ಗೊತ್ತು. ಯಾವ ಬಸ್ಸು ಎಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮೂರನೇ ಬೆಂಚಿನ ಗೋಡೆಯ ಪಕ್ಕ ಅವಳ ಜಾಗ. ಕೈ ಎತ್ತುವವಳಲ್ಲ, ಆದರೆ ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಮೊದಲು ಹುಬ್ಬು ಗಂಟಿಕ್ಕುವವಳು ಅವಳೇ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬೈಕಿನಿಂದ ಬಿದ್ದು ಅವಳ ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಎಂದರು. ಹಾಜರಾತಿಯನ್ನು ಪ್ರಾಂಶುಪಾಲರು ಹೇಗೋ ಸರಿಮಾಡಿಕೊಡುವುದಾಗಿ ಹೇಳಿದರು. ಪಾಠವನ್ನು ಯಾರು ಸರಿಮಾಡುವುದು? ನಾನು ನೋಡಲು ಹೋದಾಗ ಅವಳ ತಾಯಿ ಚಹಾ ಕೊಡುತ್ತಾ ಮೆಲ್ಲಗೆ ಹೇಳಿದ್ದು ಒಂದೇ ಮಾತು: ಈ ವರ್ಷ ಪರೀಕ್ಷೆಗೆ ಕೂರದಿದ್ದರೆ ಮನೆಯಲ್ಲಿ ಮುಂದೆ ಓದಿಸುವುದಿಲ್ಲ, ಅವರಪ್ಪ ಆಗಲೇ ಹೇಳಿಬಿಟ್ಟಿದ್ದಾರೆ. ಹುಡುಗಿ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಳು.

ನಾನು ಧೈರ್ಯವಾಗಿ ಮಾತು ಕೊಟ್ಟು ಬಂದೆ. ಕ್ಲಾಸಿನಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ, ಮಲಗಿದಲ್ಲೇ ನೋಡು ಎಂದೆ. ಮಾರನೆಯ ದಿನ ಮಾಡಿದೆ. ಎರಡು ನಿಮಿಷಕ್ಕೆ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಹೋಯಿತಂತೆ, ದನಿ ಒಂದು ಅಕ್ಷರ ಬಂದು ಮೂರು ಅಕ್ಷರ ನುಂಗಿತಂತೆ. ಅವಳ ಊರು ತಗ್ಗಿನಲ್ಲಿದೆ. ಅಲ್ಲಿ ಮನೆಯೊಳಗೆ ಫೋನಿಗೆ ಜೀವ ಇದ್ದರೂ ಇಲ್ಲದಂತೆ. ನಮ್ಮ ಕಾಲೇಜೂ ಏನು ಕಡಿಮೆಯಿಲ್ಲ, ಕರೆ ಎಲ್ಲೆಡೆ ಬಂದರೂ ಇಂಟರ್ನೆಟ್ಟಿಗೆ ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ನಿಂತರೆ ಮಾತ್ರ ನೆಟ್‌ವರ್ಕು.

ದಾರಿ ತೋರಿಸಿದ್ದು ನಮ್ಮ ಕಂಪ್ಯೂಟರ್ ಮೇಷ್ಟ್ರು. ಕಳಿಸುತ್ತಾ ಪಾಠ ಮಾಡಬೇಡಿ ಮೇಡಂ, ಮೊದಲು ಫೋನಿನಲ್ಲೇ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ, ಆಗ ನೆಟ್ ಇದ್ದರೆಷ್ಟು ಬಿಟ್ಟರೆಷ್ಟು ಎಂದರು. ಹಾಗೆಯೇ ಮಾಡಿದೆ. ನಡುವೆ ಕರೆ ಬಂದು ರೆಕಾರ್ಡಿಂಗ್ ಕೆಡದಂತೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಮೊದಲ ಬೆಂಚಿನ ಮೇಲೆ ಹಾಜರಿ ಪುಸ್ತಕಕ್ಕೆ ಒರಗಿಸಿ ನಿಲ್ಲಿಸುವುದು. ಚಿತ್ರದ ಗುಣಮಟ್ಟವನ್ನೂ ಇಳಿಸಿದೆ. ಬೋರ್ಡು ಓದಲು ಬಂದರೆ ಸಾಕು, ನನ್ನ ಮುಖದ ಸುಕ್ಕು ಯಾರಿಗೆ ಬೇಕು. ಆದರೆ ನಲವತ್ತೈದು ನಿಮಿಷದ ಆ ಒಂದೇ ಫೈಲು ಮೆಟ್ಟಿಲ ಮೇಲಿಂದ ಹೋಗಬೇಕಲ್ಲ. ಮುಕ್ಕಾಲು ಪಾಲು ಹೋಗಿ ನೆಟ್ ಕಡಿಯುವುದು, ಮತ್ತೆ ಮೊದಲಿನಿಂದ ಶುರು. ಮೂರನೆಯ ಸಲ ನಾನು ಫೋನಿಗೆ ಬೈದದ್ದನ್ನು ಕೇಳಿ ಗ್ರಂಥಪಾಲಕರು ಕಿಟಕಿ ಹಾಕಿಕೊಂಡರು.

ಕೊನೆಗೆ ಕತ್ತರಿಸಿದೆ. ಐದೈದು ನಿಮಿಷದ ಒಂಬತ್ತು ತುಂಡು. ಪ್ರತಿ ತುಂಡೂ ತಾನೇ ಒಂದು ಪುಟ್ಟ ವಿಡಿಯೋ. ಒಂದು ಹೋಗುವಾಗ ನೆಟ್ ಕಡಿದರೆ ಆ ಒಂದನ್ನೇ ಮತ್ತೆ ಕಳಿಸಿದರಾಯಿತು, ಹೋದವು ಹೋದಂತೆಯೇ. ಎಲ್ಲಕ್ಕೂ ಕೆಳಗೆ ನಂಬರು: ೧/೯, ೨/೯. ಮೊದಲ ತುಂಡಿನ ಆರಂಭದಲ್ಲೇ ಇವತ್ತು ಇಷ್ಟು ತುಂಡು ಎಂದು ಬಾಯಲ್ಲೂ ಹೇಳುತ್ತಿದ್ದೆ.

ಆ ಕಡೆ ಇಳಿಸಿಕೊಳ್ಳುವ ಕೆಲಸ ಅವಳ ಅಜ್ಜನದು. ಅಜ್ಜ ಕುರಿ ಕಾಯುವವರು. ಊರಿನ ಮೇಲಿನ ಗುಡ್ಡದಲ್ಲಿ ಒಂದು ಬಂಡೆಯ ಹತ್ತಿರ ಸಿಗ್ನಲ್ ಬರುತ್ತದೆ, ಅವರ ಕುರಿ ಮೇಯುವುದೂ ಅಲ್ಲೇ. ಬೆಳಿಗ್ಗೆ ಮೊಮ್ಮಗಳ ಫೋನನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೋಗುವುದು, ಬಂದ ತುಂಡುಗಳನ್ನು ಒಂದೊಂದಾಗಿ ಒತ್ತಿ ಇಳಿಸಿಕೊಳ್ಳುವುದು, ಸಂಜೆ ಕುರಿಯ ಜೊತೆ ಪಾಠವನ್ನೂ ಮನೆಗೆ ತರುವುದು. ಅವರಿಗೆ ಓದು ಬಾರದು, ಅಂಕಿ ಗೊತ್ತು. ಬಾಣದ ಗುರುತು ಇದ್ದರೆ ಇನ್ನೂ ಬಂದಿಲ್ಲ, ಒತ್ತಿದಾಗ ಚಕ್ರ ಸುತ್ತಿ ಬಾಣ ಮಾಯವಾದರೆ ಬಂತು ಎಂದು ಹುಡುಗಿ ಹೇಳಿಕೊಟ್ಟಿದ್ದಳು. ಇದನ್ನು ಅವಳೇ ಬರೆದು ಕಳಿಸಿದಾಗ ನನಗೆ ನಗು ಬಂತು, ಆಮೇಲೆ ಆ ಮೆಸೇಜನ್ನು ಮತ್ತೊಮ್ಮೆ ಓದಿದೆ. ನನ್ನ ದನಿ ಕುರಿಗಳ ನಡುವೆ ಒಬ್ಬ ಮುದುಕರ ಜೇಬಿನಲ್ಲಿ ಗುಡ್ಡ ಇಳಿಯುತ್ತಿತ್ತು.

ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ನಡೆದರೆ ನನಗೆ ಸಸಾರ. ಮೊದಲೆಲ್ಲ ಒಂದು ತುಂಡಿಗೆ ಹೋಯಿತೆಂಬ ಗುರುತು ಬಿದ್ದ ಮೇಲೆ ಮುಂದಿನದನ್ನು ಕಳಿಸುತ್ತಿದ್ದೆ. ಸಂಭವನೀಯತೆಯ ಪಾಠದ ದಿನ ಒಂಬತ್ತನ್ನೂ ಒಟ್ಟಿಗೆ ಆರಿಸಿ ಒತ್ತಿದೆ. ಕೊನೆಯದಕ್ಕೆ ಗುರುತು ಬಿತ್ತು. ಕೊನೆಯದೇ ಹೋಯಿತೆಂದರೆ ಎಲ್ಲ ಹೋದಂತೆ ಎಂದುಕೊಂಡೆ. ಮಧ್ಯಾಹ್ನ ಫೋನಿನಲ್ಲಿ ಜಾಗವಿಲ್ಲ ಎಂದು ತೋರಿಸಿತು, ನಾಳೆಯ ಪಾಠಕ್ಕೆ ಜಾಗ ಬೇಕಲ್ಲ. ಪೂರ್ತಿ ರೆಕಾರ್ಡಿಂಗನ್ನೂ ತುಂಡುಗಳನ್ನೂ ಅಳಿಸಿದೆ. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ನಾಲ್ಕೂವರೆಗೆ ಸ್ಟಾಫ್ ರೂಮಿನಲ್ಲಿ ಬ್ಯಾಗು ಹೆಗಲಿಗೇರಿಸುತ್ತಿದ್ದಾಗ ಹುಡುಗಿಯ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅಜ್ಜ. ಆರನೆಯದು ಬಂದಿಲ್ಲ ಎಂದರು. ಎಲ್ಲ ಕಳಿಸಿದ್ದೇನಲ್ಲ ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿ, ಮೆಟ್ಟಿಲ ಹತ್ತಿರ ಹೋಗಿ ನೋಡಿದೆ. ಏಳು, ಎಂಟು, ಒಂಬತ್ತು ಹೋಗಿದ್ದವು. ಆರರ ಪಕ್ಕದಲ್ಲಿ ಕೆಂಪು ಗುರುತು. ಮತ್ತೆ ಕಳಿಸಲು ಒತ್ತಿದರೆ ಫೈಲು ಸಿಗುತ್ತಿಲ್ಲ ಎಂದಿತು. ಎಲ್ಲಿಂದ ಸಿಕ್ಕೀತು? ನನ್ನ ಕೈಯಾರೆ ಗುಡಿಸಿ ಹಾಕಿದ್ದೆ.

ನಾಳೆ ಹೇಗಾದರೂ ಕಳಿಸುತ್ತೇನೆ, ಕತ್ತಲಾಗುವುದರೊಳಗೆ ನೀವು ಇಳಿಯಿರಿ ಎಂದು ಅಜ್ಜನಿಗೆ ಹೇಳಿದೆ.

"ಇಲ್ರೀ ಮೇಡಮ್ಮೋರೆ," ಎಂದರು. "ಸಂಜಿಗೆ ಎಣಿಸಿದಾಗ ಒಂದು ಕಮ್ಮಿ ಬಂದ್ರೆ ನಾವು ರೊಪ್ಪದ ಬಾಗಿಲು ಹಾಕಾಕಿಲ್ಲ, ಹುಡುಕಾಕೆ ಹೋಗ್ತೀವಿ. ಆರನೇದು ಇಲ್ದೆ ಏಳನೇದು ಹುಡುಗಿಗೆ ಹೆಂಗೆ ತಿಳೀತೈತೆ? ನೀವು ಹುಡುಕ್ರಿ, ನಾನು ಇಲ್ಲೇ ಇರ್ತೀನಿ."

ರೊಪ್ಪ ಎಂದರೆ ಕುರಿ ಕೂಡಿಹಾಕುವ ಮುಳ್ಳುಬೇಲಿಯ ಆವರಣ. ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಒತ್ತಾಯಿಸುವ ಧಾಟಿಯೂ ಇರಲಿಲ್ಲ. ತಪ್ಪಿಸಿಕೊಂಡದ್ದನ್ನು ಹುಡುಕಬೇಕು, ಅಷ್ಟೇ. ಹೆಗಲ ಮೇಲಿನ ಬ್ಯಾಗು ಇಳಿಸಿದೆ.

ಖಾಲಿ ಕ್ಲಾಸಿಗೆ ಹೋದೆ. ಫೋನನ್ನು ಹಾಜರಿ ಪುಸ್ತಕಕ್ಕೆ ಒರಗಿಸಿದೆ. ಬೆಂಚುಗಳಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಅದೇ ಭಾಗದಲ್ಲಿ, ಒಂದು ಸಂಗತಿ ನಡೆದಿದೆ ಎಂದು ತಿಳಿದ ಮೇಲೆ ಇನ್ನೊಂದರ ಸಂಭವ ಹೇಗೆ ಬದಲಾಗುತ್ತದೆ ಎಂಬುದನ್ನು ಚೀಲದಲ್ಲಿನ ಕೆಂಪು ನೀಲಿ ಚೆಂಡುಗಳಿಂದ ಹೇಳಿದ್ದೆ. ಎಷ್ಟೋ ವರ್ಷದಿಂದ ಅದೇ ಚೀಲ, ಅದೇ ಚೆಂಡು. ಈಗ ಬೋರ್ಡಿನ ಮುಂದೆ ನಿಂತರೆ ಕಣ್ಣೆದುರು ಬಂದದ್ದು ಗುಡ್ಡದ ಬಂಡೆ. ಬಾಯಿಗೆ ಕುರಿಗಳೇ ಬಂದವು. ರೊಪ್ಪದಲ್ಲಿ ನಲವತ್ತು ಕುರಿ, ಅದರಲ್ಲಿ ಹತ್ತು ಮರಿ. ಬಾಗಿಲು ತೆಗೆದಾಗ ಮೊದಲು ಹೊರಗೆ ಬಂದದ್ದು ಮರಿಯಾಗಿರುವ ಸಂಭವ ನಲವತ್ತರಲ್ಲಿ ಹತ್ತು. ಆದರೆ ಕರಿಯವು ಹದಿನೈದು, ಆ ಹದಿನೈದರಲ್ಲಿ ಮರಿ ಆರು. ಧೂಳಿನಲ್ಲಿ ಬಣ್ಣವಷ್ಟೇ ಕಂಡಿತು, ಬಂದದ್ದು ಕರಿಯದು. ಈಗ? ನಲವತ್ತನ್ನು ಬಿಟ್ಟುಬಿಡಿ, ಇನ್ನು ನಮ್ಮ ಲೋಕವೇ ಹದಿನೈದು. ಹದಿನೈದರಲ್ಲಿ ಆರು. ಬರೆಯುತ್ತಾ, ನಿಲ್ಲುತ್ತಾ ಹೇಳಿದೆ. ಯಾರೋ ನನಗಾಗಿ ಕಾಯುತ್ತಿದ್ದಾರೆ ಎಂದು ಗೊತ್ತಿದ್ದೂ ನನ್ನ ಬಾಯಿಗೆ ಅವಸರ ಬರಲಿಲ್ಲ. ನನ್ನ ಜೀವನದಲ್ಲಿ ಹಾಗಾದದ್ದು ಅದೇ ಮೊದಲು.

ಏಳು ನಿಮಿಷದ ತುಂಡು. ಮೆಟ್ಟಿಲ ಮೇಲೆ ಎರಡು ಸಲ ಅರ್ಧಕ್ಕೆ ಕಡಿಯಿತು. ಅದನ್ನೂ ಮೂರಾಗಿ ಕತ್ತರಿಸಿ, ಆರನೆಯದು ಮೂರಾಗಿ ಬರುತ್ತದೆ ಎಂದು ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಈ ಸಲ ಒಂದಕ್ಕೆ ಗುರುತು ಬೀಳುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ಮೂರೂ ಹೋದವು. ಆದರೂ ನನ್ನ ಫೋನಿನಿಂದ ಏನನ್ನೂ ಅಳಿಸದೆ ನಿಂತಿದ್ದೆ. ಹೊತ್ತು ಮುಳುಗುವಾಗ ಅವರೇ ಕರೆ ಮಾಡಿ, ಎಲ್ಲವೂ ಬಂದವು, ಇಳಿಯುತ್ತೇನೆ ಎಂದರು. ಹಿಂದೆ ಕುರಿಗಳ ಕೊರಳಗಂಟೆ ಕೇಳುತ್ತಿತ್ತು.

ಪರೀಕ್ಷೆಯ ಹೊತ್ತಿಗೆ ಹುಡುಗಿ ಊರುಗೋಲಿನ ಮೇಲೆ ನಡೆಯುವಷ್ಟಾಗಿದ್ದಳು. ಗಣಿತದ ದಿನ ಅಜ್ಜನೇ ಆಟೋದಲ್ಲಿ ಕರೆತಂದರು. ಅವಳು ಒಳಗೆ ಹೋದ ಮೇಲೆ ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತರು. ನಾನು ಅವರನ್ನು ಕಂಡದ್ದು ಅವತ್ತೇ ಮೊದಲು. ಚಹಾ ತರಿಸಿ ಪಕ್ಕದಲ್ಲಿ ಕುಳಿತೆ. ಮಾತಿನ ನಡುವೆ ಗೊತ್ತಾಯಿತು: ಒಂದು ದಿನ ಚಕ್ರ ಸುತ್ತುವುದು ನಿಲ್ಲುವ ಮೊದಲೇ ಗುಡ್ಡ ಇಳಿದುಬಿಟ್ಟು ಮೊಮ್ಮಗಳಿಗೆ ಪಾಠ ತಪ್ಪಿತಂತೆ. ಅಂದಿನಿಂದ ಪ್ರತಿಯೊಂದು ತುಂಡನ್ನೂ ಬಂಡೆಯ ಮೇಲೇ ಹಾಕಿ, ಕೊನೆಯ ತನಕ ಓಡುತ್ತದೆಯೇ ಎಂದು ನೋಡಿಯೇ ಇಳಿಯುತ್ತಿದ್ದರಂತೆ. ಹೆಚ್ಚುಕಡಿಮೆ ಮೂರು ತಿಂಗಳ ಪಾಠವನ್ನು ಒಂದು ತುಂಡೂ ಬಿಡದೆ ಕೇಳಿದ್ದರು. ನನ್ನ ಕ್ಲಾಸಿನಲ್ಲಿ ಅಷ್ಟು ಹಾಜರಾತಿ ಇರುವ ಮಗು ಒಂದೂ ಇರಲಿಲ್ಲ.

ಅಜ್ಜ ಚಹಾದ ಲೋಟ ಕೆಳಗಿಟ್ಟು, ಏನನ್ನೋ ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದರು.

"ಯಾವುದೂ ತಿಳೀಲಿಲ್ಲ ನನಗೆ. ಆ ಆರನೇದೊಂದು ತಿಳೀತು," ಎಂದರು. "ಆದ್ರೆ ಲೆಕ್ಕ ಸರಿಯಿಲ್ರೀ ಅದು. ಬಾಗಿಲು ತೆಗೆದ್ರೆ ಮೊದ್ಲು ಬರಾದು ದಿನಾ ಅದೇ ಒಂದು ಕುರಿ. ಅದರ ಹಿಂದೆ ಉಳಿದವು. ಮರಿ ಎಂದಾದ್ರೂ ಮೊದ್ಲು ಬರ್ತಾವೇನ್ರೀ? ಎಲ್ಲಾವೂ ಒಂದೇ ಸಮ ಅಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಎಲ್ಲಕ್ಕೂ ಸಮಾನ ಅವಕಾಶ ಇದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಪಠ್ಯದಲ್ಲಿ ಅದು ಮೊದಲ ಸಾಲು, ನಾನು ಹೇಳುವುದನ್ನೇ ಬಿಟ್ಟಿದ್ದೆ. ಓದು ಬಾರದ ಮನುಷ್ಯ ನೇರ ಅದರ ಮೇಲೇ ಬೆರಳಿಟ್ಟಿದ್ದರು. ನೀವು ಹೇಳಿದ್ದೇ ಸರಿ, ತಪ್ಪು ನನ್ನದೇ ಎಂದೆ. ಅವರಿಗೆ ಅದರಿಂದ ಹಿಗ್ಗೇನೂ ಆಗಲಿಲ್ಲ. ಗೇಟಿನ ಕಡೆ ನೋಡುತ್ತಾ ಕುಳಿತರು.

ಹುಡುಗಿ ಪಾಸಾದಳು, ಈಗ ಡಿಗ್ರಿ ಓದುತ್ತಿದ್ದಾಳೆ. ನಾನು ಇವತ್ತಿಗೂ ಆ ಪಾಠಕ್ಕೆ ಕುರಿಗಳನ್ನೇ ತರುತ್ತೇನೆ. ಎಲ್ಲಕ್ಕೂ ಸಮಾನ ಅವಕಾಶ ಇದೆ ಎಂದುಕೊಳ್ಳೋಣ, ಎಂದು ಹೇಳುವ ಜಾಗ ಬಂದಾಗ ಎದುರಿನ ಬೆಂಚುಗಳನ್ನು ಒಮ್ಮೆ ನೋಡುತ್ತೇನೆ. ಯಾರ ಊರಿನಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕೋ ನನಗೆ ಗೊತ್ತಿಲ್ಲ. ಆ ಸಾಲನ್ನು ಬೋರ್ಡಿನ ಮೇಲೆ ನಿಧಾನವಾಗಿ ಬರೆಯುತ್ತೇನೆ, ಮಕ್ಕಳು ಪೆನ್ನು ಎತ್ತಿಕೊಂಡು ಕಾಯುತ್ತಾರೆ.