ಎಂಟಡಿ ಹಲಗೆಯ ಲೆಕ್ಕ

ನಾನು ಓದಿದ್ದು ಇತಿಹಾಸ. ಯುದ್ಧದ ಕಾಲದಲ್ಲಿ ಸೈನ್ಸ್ ಮೇಷ್ಟ್ರು ಕೆಲಸ ಬಿಟ್ಟು ಹೋದರು. ಕೋಲಾರದ ನಮ್ಮ ಹೈಸ್ಕೂಲಿನಲ್ಲಿ ಆ ಪಾಠವೂ ನನ್ನ ತಲೆಗೇ ಬಂತು. ಪುಸ್ತಕದ ಕೊನೆಯ ಉತ್ತರಗಳೇ ನನಗೆ ಆಧಾರ. ಅದನ್ನು ಯಾರಿಗೂ ಹೇಳಿಕೊಳ್ಳದೆ ಬೀಗುತ್ತಿದ್ದೆ.

ದಸರಾ ರಜೆಗೆ ಮನೆಲೆಕ್ಕ ಕೊಟ್ಟೆ. ಸನ್ನೆ, ರಾಟೆ, ಇಳಿಜಾರು ಹಲಗೆ, ಇವು ಮೂರರ ಯಾಂತ್ರಿಕ ಲಾಭ, ಅಂದರೆ ಹಾಕಿದ ಬಲದ ಎಷ್ಟು ಪಟ್ಟು ಭಾರ ಏಳುತ್ತದೆ ಎಂಬುದನ್ನು, ಬರೆದು ತರಬೇಕು; ವರ್ಷದ ಪರೀಕ್ಷೆಗೆ ಸೇರುವ ಇಪ್ಪತ್ತು ಅಂಕ. ತರಗತಿಯಲ್ಲಿ ಶಿವಾರಪಟ್ಟಣದ ಕಲ್ಲುಕೆಲಸದವರ ಹುಡುಗನೊಬ್ಬನಿದ್ದ. ಅವನ ಅಪ್ಪ ಮೊದಲೇ ನನ್ನೆದುರು ಹೇಳಿ ಹೋಗಿದ್ದರು: "ಪಾಸಾದ್ರೆ ಓದ್ಲಿ ಸಾಮಿ. ಒಂದ್ರಾಗೆ ಫೇಲಾದ್ರೂ ಉಳಿ ಹಿಡಿಸ್ತೀನಿ."

ಮಿಕ್ಕವರೆಲ್ಲ ಪುಸ್ತಕ ನೋಡಿ ಬರೆದು ತಂದರು. ಇವನು ಅಪ್ಪನ ಕೆಲಸದ ಜಾಗದಲ್ಲಿ ಅಳೆದು ಬಂದಿದ್ದ. ಹಾರೆಯ ಆನಿಕೆಯಿಂದ ಕಲ್ಲಿಗೆ ಅರ್ಧ ಅಡಿ, ಕೈಗೆ ಮೂರಡಿ. ಲಾಭ ಹತ್ತಿರಹತ್ತಿರ ಆರು. ಒಂಟಿ ರಾಟೆಯದು ಒಂದಕ್ಕಿಂತ ತುಸು ಕಡಿಮೆ. ಎಂಟಡಿ ಹಲಗೆಯನ್ನು ಎರಡಡಿ ಎತ್ತರಕ್ಕೆ ಒರಗಿಸಿ, ಹರಳೆಣ್ಣೆ ಸವರಿ, ಎಂಬತ್ತು ಪೌಂಡಿನ ಕಲ್ಲನ್ನು ಮೇಲಕ್ಕೆ ಎಳೆಸಿದ್ದ. ಹಗ್ಗವನ್ನು ತುದಿಯ ರಾಟೆಯ ಮೇಲೆ ಹಾಯಿಸಿ, ಇಳಿಬಿಟ್ಟ ಬುಟ್ಟಿಗೆ ತೂಕದ ಕಲ್ಲು ಹಾಕಿಸುತ್ತಾ ಹೋಗಿದ್ದ. ಕಲ್ಲು ಮೆಲ್ಲಗೆ ಏರಿದ್ದು ಬುಟ್ಟಿ ನಲವತ್ತು ಪೌಂಡಾದಾಗ. ಲಾಭ ಎರಡು, ದಕ್ಷತೆ ನೂರಕ್ಕೆ ಐವತ್ತು ಎಂದು ಬರೆದಿದ್ದ.

ನನ್ನ ಉತ್ತರ ನಾಲ್ಕು. ಎಂಟನ್ನು ಎರಡರಿಂದ ಭಾಗಿಸಿದರೆ ಮುಗಿಯಿತಲ್ಲ!

"ಎಂಬತ್ತರ ಕಾಲುಭಾಗ, ಇಪ್ಪತ್ತು ಪೌಂಡು ಸಾಕು ಅಂತ ಪುಸ್ತಕದ ಲೆಕ್ಕ. ನೀನು ಪುಸ್ತಕಕ್ಕಿಂತ ದೊಡ್ಡವನೇನೋ?" ಎಂದೆ.

"ಇಪ್ಪತ್ತಕ್ಕೆ ಕಲ್ಲು ಅಲ್ಲಾಡ್ಲೇ ಇಲ್ಲ ಸಾರ್. ನಾನು ಎಳ್ಸಿ ನೋಡಿದ್ದೀನಿ. ಪುಸ್ತಕ ಎಳ್ದಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಸರಿಯಿದ್ದ ಸನ್ನೆಯ ಲೆಕ್ಕವನ್ನೂ ಹೊಡೆದುಹಾಕಿ ಸೊನ್ನೆ ಕೊಟ್ಟೆ, ಕೆಳಗೆ 'ಸುಳ್ಳು ಅಳತೆ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅದೇ ಇಪ್ಪತ್ತು ಅಂಕ ಇಲ್ಲದೆ ಅವನು ಸೈನ್ಸಿನಲ್ಲಿ ಫೇಲಾದ. ಮತ್ತೆ ಶಾಲೆಗೆ ಬರಲಿಲ್ಲ.

ಮುಂದಿನ ವರ್ಷ ಅದೇ ಪಾಠ ತೆಗೆದಾಗ ಲೆಕ್ಕದ ತಲೆಯ ಮೇಲಿದ್ದ ಸಣ್ಣಕ್ಷರ ಕಣ್ಣಿಗೆ ಬಿತ್ತು: ಘರ್ಷಣೆ ಇಲ್ಲವೆಂದು ಭಾವಿಸಿ. ಮರುಪುಟದಲ್ಲಿ ದಕ್ಷತೆಯ ವಿವರಣೆಯಿತ್ತು. ಅರ್ಥವಾಗದೆ ನಾನು ಬಿಟ್ಟುಬಿಟ್ಟಿದ್ದ ಪುಟ. ನಲವತ್ತು ಪೌಂಡಿನಲ್ಲಿ ಅರ್ಧ ಹೋದದ್ದು ಕಲ್ಲನ್ನು ಏರಿಸಲು, ಉಳಿದರ್ಧ ಉಜ್ಜಾಟಕ್ಕೆ. ಹುಡುಗ ಬರೆದದ್ದು ಅದನ್ನೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಭಾನುವಾರವೇ ಶಿವಾರಪಟ್ಟಣಕ್ಕೆ ಹೋದೆ. ಅವನು ಅರೆಕೆತ್ತಿದ ನಂದಿಯ ಮುಂದೆ ಕೂತಿದ್ದ.

"ನಿನ್ನ ಲೆಕ್ಕ ಸರಿಯಿತ್ತು ಕಣೋ. ತಪ್ಪು ನನ್ನದು. ವಾಪಸ್ ಬಾ," ಎಂದೆ.

"ಸರಿ ಅಂತ ಅವತ್ತೇ ಗೊತ್ತಿತ್ತು ಸಾರ್," ಎಂದು ಅವನು ಕೆಲಸ ಮುಂದುವರಿಸಿದ.

ಪಕ್ಕದಲ್ಲೇ ಉಳಿ ಮಸೆಯುತ್ತಿದ್ದ ಅವನ ಅಪ್ಪ ಉಳಿಯನ್ನು ಕೆಳಗಿಟ್ಟರು. "ಮೇಷ್ಟ್ರು ಸುಳ್ಳು ಅಂತ ಬರ್ದವ್ರೆ ಅಂತ ನಾನು ಇವನ ಚರ್ಮ ಸುಲಿದೆ ಸಾಮಿ," ಎಂದರು. "ಆ ಬುಟ್ಟಿಗೆ ತೂಕ ಹಾಕಿದ್ದು ನಾನೇ. ಆದ್ರೂ ನಿಮ್ಮ ಮಾತೇ ನಂಬಿದೆ."