ಡಿಸೈನರ್‌ಗೊಂದು ಕುರ್ಚಿ

ಯಡಿಯೂರಿನ ವನಜಾಕ್ಷಮ್ಮನಿಗೆ ಯಾರೇ ಸುಮ್ಮನೆ ಕೂತರೂ ಮೈ ಉರಿಯುತ್ತೆ. ಮೂವತ್ತು ವರ್ಷ ಹಪ್ಪಳ, ಚಟ್ನಿಪುಡಿ ಮಾಡಿ ಮಾರಿದ ಜೀವ. ಲೇಬಲ್ಲು, ಹಬ್ಬದ ಪೋಸ್ಟರು ಮಾಡಲೆಂದು ಹೋದ ವರ್ಷ ಒಬ್ಬ ಡಿಸೈನರ್ ಹುಡುಗಿಯನ್ನು ಸಂಬಳಕ್ಕಿಟ್ಟುಕೊಂಡಿದ್ದರು. ಕೆಲಸವಿಲ್ಲದ ದಿನ ಬೆಳ್ಳುಳ್ಳಿ ಬಿಡಿಸಲು ಕೂರಿಸಿದ್ದಕ್ಕೆ ಅವಳು ಎರಡೇ ತಿಂಗಳಿಗೆ ಬಿಟ್ಟುಹೋದಳು.

ಆಮೇಲೆ ಸಿಕ್ಕಿದ್ದು ಬೇಗೂರಿನ ಸುರಭಿ. ಮನೆಯಿಂದಲೇ ನಾಲ್ಕಾರು ಗಿರಾಕಿಗಳಿಗೆ ಡಿಸೈನ್ ಮಾಡಿಕೊಡುವವಳು. ಕೆಲಸ ಚೊಕ್ಕ. ಆದರೆ ಈ ಸಲ ಗೌರಿಹಬ್ಬಕ್ಕೆ ಎಲ್ಲ ಗಿರಾಕಿಗಳೂ ಒಟ್ಟಿಗೇ ಮುಗಿಬಿದ್ದು, ಇವರ ಪೋಸ್ಟರು ಹಬ್ಬ ಕಳೆದ ಮೇಲೆ ಬಂತು.

ವನಜಾಕ್ಷಮ್ಮ ಸಿಟ್ಟಿನಲ್ಲೇ ಹೊಸ ಮೇಜು, ಕುರ್ಚಿ ತರಿಸಿ, ಸುರಭಿಯನ್ನು ಕರೆಸಿದರು. "ನೀನೇ ಬಂದು ಪೂರ್ತಿ ಕೆಲಸಕ್ಕೆ ಸೇರ್ಕೊ."

ಸುರಭಿ ಗೋಡೆಯ ಕ್ಯಾಲೆಂಡರ್ ಇಳಿಸಿ, ತಾನು ಇವರ ಕೆಲಸ ಮಾಡಿದ ದಿನಗಳಿಗೆಲ್ಲ ಸುತ್ತು ಹಾಕಿದಳು. ಹಬ್ಬಗಳ ಹಿಂದಿನ ವಾರ ಸುತ್ತೋ ಸುತ್ತು, ಮಿಕ್ಕಿದ್ದು ಬರೀ ಖಾಲಿ.

"ಈ ಖಾಲಿ ದಿನಗಳಲ್ಲಿ ನನ್ ಕೈಲಿ ಏನ್ ಮಾಡಿಸ್ತೀರಾ ಆಂಟಿ?"

"ಬೆಳ್ಳುಳ್ಳಿ" ಅಂದುಬಿಟ್ಟರು ವನಜಾಕ್ಷಮ್ಮ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕೊನೆಗೆ ಒಂದು ಹಾಳೆಯಲ್ಲಿ ಬರೆದುಕೊಂಡರು. ಪ್ರತಿ ಬುಧವಾರ ಸುರಭಿ ಇಲ್ಲಿಗೇ ಬರುವುದು, ಹಬ್ಬದ ಹಿಂದಿನ ವಾರಗಳಲ್ಲಿ ಮೂರು ದಿನ ಇವರಿಗೇ ಮೀಸಲು, ಅದಕ್ಕೆ ತಿಂಗಳಿಗೊಂದು ಗೊತ್ತುಪಡಿಸಿದ ಮೊತ್ತ. ಹಬ್ಬದ ಕೆಲಸವನ್ನು ವನಜಾಕ್ಷಮ್ಮ ಒಂದು ತಿಂಗಳು ಮೊದಲೇ ಹೇಳಬೇಕು.

ಮಾರನೆಯ ದಿನ ಗುರುವಾರ. ಕುರ್ಚಿ ಖಾಲಿ. ವನಜಾಕ್ಷಮ್ಮ ಅದನ್ನೇ ಒಂದು ಗಳಿಗೆ ದುರುಗುಟ್ಟಿ ನೋಡಿ, ಕಾಫಿ ಲೋಟ ಹಿಡಿದು ತಾವೇ ಕೂತರು. ಹಗಲು ಹೊತ್ತಿನಲ್ಲಿ ಅವರು ಸುಮ್ಮನೆ ಕೂತದ್ದು, ಈ ಮೂವತ್ತು ವರ್ಷದಲ್ಲಿ ಅದೇ ಮೊದಲು.